ನಕ್ಷತ್ರಗಳ ಬಿಸಿ–ಬೆಳಕಿನ ನಕ್ಷೆ: ಕಲಬುರಗಿ ಕಡೆಯ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೈಸ್ಕೂಲು ಮತ್ತು ಪಿಯು ಹುಡುಗರ ಜೊತೆ ಗ್ರಾಫ್ ಹಾಳೆ ಹಿಡಿದು ಕೂತಾಗ ಬರುವ ಪ್ರಶ್ನೆಗಳಿವು. ಒಂದೆರಡನ್ನು ಕೇಳಿದವರು ಅವರ ಅಪ್ಪಂದಿರು. ಪ್ರಶ್ನೆಗಳನ್ನು ಆದಷ್ಟು ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ.

ಸರ್, ಈ ಎಚ್‌ಆರ್ ನಕ್ಷೆ ಅಂದ್ರೆ ಏನು? ಆಕಾಶದ ಮ್ಯಾಪ್ ಇದ್ದಂಗಾ?

ಅಲ್ಲ. ಯಾವ ನಕ್ಷತ್ರ ಆಕಾಶದಲ್ಲಿ ಎಲ್ಲಿದೆ ಅನ್ನೋದು ಇದರಲ್ಲಿ ಇರುವುದಿಲ್ಲ. ಇದೊಂದು ಗ್ರಾಫ್. ಅಡ್ಡಗೆರೆಯಲ್ಲಿ ನಕ್ಷತ್ರದ ಮೇಲ್ಮೈ ಎಷ್ಟು ಬಿಸಿ ಅಂತ ಇರುತ್ತದೆ. ಉದ್ದಗೆರೆಯಲ್ಲಿ ಅದು ಒಟ್ಟು ಎಷ್ಟು ಬೆಳಕು ಸುರಿಯುತ್ತದೆ ಅಂತ ಇರುತ್ತದೆ. ಒಂದು ನಕ್ಷತ್ರಕ್ಕೆ ಒಂದು ಚುಕ್ಕಿ.

ಡೆನ್ಮಾರ್ಕಿನ ಹರ್ಟ್‌ಸ್ಪ್ರಂಗ್ 1911ರಲ್ಲಿ, ಅಮೆರಿಕದ ರಸೆಲ್ 1913ರ ಹೊತ್ತಿಗೆ, ಬೇರೆ ಬೇರೆಯಾಗಿಯೇ ಇಂಥ ಗ್ರಾಫ್ ಹಾಕಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳೇ ಎಚ್, ಆರ್. ಚುಕ್ಕಿಗಳು ಹಾಳೆ ತುಂಬ ಹರಡಿಕೊಳ್ಳಲಿಲ್ಲ, ಕೆಲವೇ ಜಾಗಗಳಲ್ಲಿ ಗುಂಪುಗೂಡಿದವು. ಯಾಕೆ ಹಾಗೆ ಅನ್ನೋದೇ ಇಲ್ಲಿರುವ ಎಲ್ಲ ಪ್ರಶ್ನೆಗಳ ಬೇರು.

ಬಿಸಿ ಜಾಸ್ತಿ ಇರೋದು ಎಡಕ್ಕೆ ಯಾಕೆ? ಎಲ್ಲಾ ಗ್ರಾಫಲ್ಲೂ ಬಲಕ್ಕೆ ಹೋದಂಗೆ ಜಾಸ್ತಿ ಆಗ್ತದಲ್ವಾ?

ಮೊದಲು ಈ ಗ್ರಾಫ್ ಹಾಕಿದಾಗ ಅಡ್ಡಗೆರೆಯಲ್ಲಿ ಇದ್ದದ್ದು ಬಿಸಿಯ ಅಂಕಿಗಳಲ್ಲ, ಬಣ್ಣ ಮತ್ತು ರೋಹಿತದ ವರ್ಗಗಳು. ರೋಹಿತ ಅಂದರೆ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿ. ನೀಲಿ ಬಿಳಿ ನಕ್ಷತ್ರಗಳ ವರ್ಗ ಮೊದಲು, ಕೆಂಪಿನವು ಕೊನೆಗೆ. ನೀಲಿ ಅಂದರೆ ಜಾಸ್ತಿ ಬಿಸಿ ಅನ್ನೋದರಿಂದ ಬಿಸಿ ಎಡಕ್ಕೇ ಉಳಿಯಿತು. ಅಷ್ಟೇ ಕಾರಣ. ಯಾರೂ ಬದಲಿಸಲು ಹೋಗಿಲ್ಲ, ನೀವೂ ಹೋಗಬೇಡಿ.

ಗ್ರಾಫ್ ಹಾಳೆ ಮೇಲೆ ಅಳತೆ ಹೆಂಗ್ ಹಾಕೋದು? ನಂದು ಒಂದು ಚುಕ್ಕಿ ಹಾಳೆ ಬಿಟ್ಟು ಹೊರಗೇ ಹೋಯ್ತು.

ಒಂದು, ಎರಡು, ಮೂರು ಅಂತ ಸಮ ಅಳತೆ ಹಾಕಿದರೆ ಹೊರಗೇ ಹೋಗುತ್ತದೆ. ಸೂರ್ಯನ ಬೆಳಕನ್ನು 1 ಅಂತ ಇಟ್ಟುಕೊಳ್ಳಿ. ಮೇಲಿನ ಪ್ರತಿ ಮನೆಗೆ ಹತ್ತು ಪಟ್ಟು: 1, 10, 100, ಹಾಗೇ 10 ಲಕ್ಷದವರೆಗೆ. ಕೆಳಗಿನ ಪ್ರತಿ ಮನೆಗೆ ಹತ್ತನೇ ಒಂದು ಪಾಲು, ಹತ್ತು ಸಾವಿರದ ಒಂದು ಪಾಲಿನವರೆಗೆ. ಒಟ್ಟು ಹತ್ತು ಮನೆ, ಹಾಳೆಗೆ ಸರಿಯಾಗಿ ಕೂರುತ್ತದೆ. ಅಡ್ಡಗೆರೆಯಲ್ಲಿ ಸಮ ಅಂತರದಲ್ಲಿ 40,000, 20,000, 10,000, 5,000, 2,500 ಕೆಲ್ವಿನ್ ಬರೆಯಿರಿ. ಪ್ರತಿ ಮನೆಗೂ ಅರ್ಧ.

ಈಗ ಈ ಚುಕ್ಕಿಗಳನ್ನು ಹಾಕಿ. ಅಂಕಿಗಳನ್ನು ದುಂಡಾಗಿಸಿದ್ದೇನೆ.

| ನಕ್ಷತ್ರ | ಬಿಸಿ (ಕೆಲ್ವಿನ್) | ಬೆಳಕು (ಸೂರ್ಯ = 1) |
|---|---|---|
| ಸೂರ್ಯ | 5,800 | 1 |
| ಲುಬ್ಧಕ | 9,900 | 25 |
| ಲುಬ್ಧಕ ಬಿ (ಅದರ ಜೊತೆಗಾರ) | 25,000 | 0.025 |
| ಚಿತ್ತಾ | 25,000 | 20,000 |
| ರೋಹಿಣಿ | 3,900 | 400 |
| ಸ್ವಾತಿ | 4,300 | 170 |
| ಆರ್ದ್ರಾ | 3,600 | ಸುಮಾರು 1 ಲಕ್ಷ |
| 61 ಸಿಗ್ನಿ ಬಿ | 4,000 | 0.09 |
| ಪ್ರಾಕ್ಸಿಮಾ | 3,000 | 0.0016 |

ಚಿತ್ತಾ ಬರಿಗಣ್ಣಿಗೆ ಒಂದೇ ಆದರೂ ಅದು ತೀರಾ ಹತ್ತಿರದಲ್ಲಿ ಸುತ್ತುವ ಜೋಡಿ ನಕ್ಷತ್ರ. ಇಲ್ಲಿ ಕೊಟ್ಟದ್ದು ಅದರಲ್ಲಿ ದೊಡ್ಡದರ ಅಂಕಿ.

ಇದರಲ್ಲಿ ಪ್ರಧಾನ ಶ್ರೇಣಿ ಎಲ್ಲಿದೆ ಅಂತ ಹೆಂಗ್ ಗುರ್ತಿಸೋದು?

ಚಿತ್ತಾ, ಲುಬ್ಧಕ, ಸೂರ್ಯ, 61 ಸಿಗ್ನಿ ಬಿ, ಪ್ರಾಕ್ಸಿಮಾ. ಈ ಐದು ಚುಕ್ಕಿಗಳನ್ನು ಪೆನ್ಸಿಲ್ಲಿನಿಂದ ಸೇರಿಸಿ. ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಇಳಿಯುವ ಒಂದು ಪಟ್ಟಿ ಬರುತ್ತದೆ. ಅದೇ ಪ್ರಧಾನ ಶ್ರೇಣಿ. ಹತ್ತರಲ್ಲಿ ಒಂಬತ್ತು ನಕ್ಷತ್ರಗಳು ಇಲ್ಲೇ ಇರುತ್ತವೆ.

ಇವೆಲ್ಲಕ್ಕೂ ಕಸುಬು ಒಂದೇ: ನಡುಗರ್ಭದಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಮಾಡೋದು. ಯಾವುದು ಎಷ್ಟು ತೂಕ ಅನ್ನೋದರ ಮೇಲೆ ಪಟ್ಟಿಯಲ್ಲಿ ಅದರ ಜಾಗ ನಿಲ್ಲುತ್ತದೆ. ಚಿತ್ತಾ ಸೂರ್ಯನ ಹತ್ತು ಪಟ್ಟಿನಷ್ಟು ತೂಗುತ್ತದೆ, ಅದಕ್ಕೇ ಮೇಲಿದೆ. ಪ್ರಾಕ್ಸಿಮಾ ಸೂರ್ಯನ ಎಂಟನೇ ಒಂದು ಪಾಲು ತೂಕ, ಕೆಳಗಿದೆ.

ಇನ್ನೊಂದು ಗೆರೆಯನ್ನೂ ಎಳೆಯಿರಿ. ನನಗೆ ಕೇಳಿದರೆ ಇಡೀ ಹಾಳೆಯಲ್ಲಿ ಅದೇ ಜಾಸ್ತಿ ಕೆಲಸಕ್ಕೆ ಬರುವ ಗೆರೆ, ಆದರೆ ಬಹಳಷ್ಟು ಪಠ್ಯಗಳಲ್ಲಿ ಅದು ಇರುವುದೇ ಇಲ್ಲ. ಸೂರ್ಯನಷ್ಟೇ ದಪ್ಪ ಇರುವ ಒಂದು ನಕ್ಷತ್ರದ ಬಿಸಿಯನ್ನು ಮಾತ್ರ ಬದಲಿಸುತ್ತಾ ಹೋದರೆ ಅದರ ಬೆಳಕು ಎಷ್ಟಾಗುತ್ತದೆ? ಬಿಸಿ ಎರಡು ಪಟ್ಟಾದರೆ ಬೆಳಕು ಹದಿನಾರು ಪಟ್ಟಾಗುತ್ತದೆ. ಲೆಕ್ಕ ಹಾಕಿದರೆ 20,000 ಕೆಲ್ವಿನ್‌ಗೆ 144, 10,000ಕ್ಕೆ 9, 5,000ಕ್ಕೆ 0.56, 2,500ಕ್ಕೆ 0.035. ನಮ್ಮ ಅಳತೆಯಲ್ಲಿ ಈ ನಾಲ್ಕು ಚುಕ್ಕಿ ನೆಟ್ಟಗೆ ಒಂದೇ ಸಾಲಿಗೆ ಬರುತ್ತವೆ. ಸ್ಕೇಲ್ ಇಟ್ಟು ಎಳೆಯಿರಿ, ಪಕ್ಕದಲ್ಲಿ "ಸೂರ್ಯನ ದಪ್ಪದ ಗೆರೆ" ಅಂತ ಬರೆಯಿರಿ. ಗೆರೆಗಿಂತ ಮೇಲಿರುವ ನಕ್ಷತ್ರ ಸೂರ್ಯನಿಗಿಂತ ದೊಡ್ಡದು. ಕೆಳಗಿರುವುದು ಚಿಕ್ಕದು. ಬಿಸಿ, ಬೆಳಕು ಎರಡನ್ನೇ ಹಾಕಿದ ಹಾಳೆಯಲ್ಲಿ ಗಾತ್ರವೂ ಅಡಗಿ ಕೂತಿದೆ ಅಂತಾಯಿತು.

ರೋಹಿಣಿ ಮಳಿ, ಆರಿದ್ರ ಮಳಿ, ಸ್ವಾತಿ ಮಳಿ ಅಂತೀವಲ್ರಿ. ಆ ನಕ್ಷತ್ರಗಳಾ ಇವು?

ಆಳಂದ ಕಡೆಯ ಒಬ್ಬ ರೈತರು ಮಗಳ ಗ್ರಾಫ್ ನೋಡಿ ಕೇಳಿದ್ದು. ಹೌದ್ರಿ, ಅವೇ. ಆದರೆ ಆ ಮಳೆಯ ದಿನಗಳಲ್ಲಿ ಆ ನಕ್ಷತ್ರ ಕಾಣುವುದಿಲ್ಲ. ರೋಹಿಣಿ ಮಳೆ ಅಂದರೆ ಸೂರ್ಯ ಆಕಾಶದಲ್ಲಿ ರೋಹಿಣಿಯ ಜಾಗಕ್ಕೆ ಬಂದಿರುವ ದಿನಗಳು, ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ. ಆಗ ಆ ನಕ್ಷತ್ರ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ನೋಡಬೇಕಂದರೆ ಜನವರಿ, ಫೆಬ್ರುವರಿಯ ಸಂಜೆ ಮಾಳಿಗೆ ಹತ್ತಿ. ರೋಹಿಣಿ, ಆರ್ದ್ರಾ, ಲುಬ್ಧಕ ಮೂರೂ ಒಟ್ಟಿಗೆ ಸಿಗುತ್ತವೆ. ಚಿತ್ತಾ, ಸ್ವಾತಿಗೆ ಏಪ್ರಿಲ್, ಮೇ ಸಂಜೆ, ಪೂರ್ವದ ಕಡೆ.

ರೋಹಿಣಿ, ಸ್ವಾತಿ, ಆರ್ದ್ರಾ ಮೂರೂ ಕೆಂಪು ಕಿತ್ತಳೆ ಬಣ್ಣದವು. ನಮ್ಮ ಹಾಳೆಯಲ್ಲಿ ಮೂರೂ ಬಲಗಡೆ ಮೇಲೆ ಕೂತಿವೆ, ಪಟ್ಟಿಯಿಂದ ದೂರ.

ರೋಹಿಣಿ, 61 ಸಿಗ್ನಿ ಬಿ ಎರಡೂ ಸುಮಾರು ಒಂದೇ ಬಿಸಿ. ಮತ್ತೆ ಬೆಳಕಲ್ಲಿ ಇಷ್ಟು ಫರಕ್ ಯಾಕೆ?

ಒಂದೇ ಬಿಸಿ ಅಂದರೆ ಎರಡರ ಮೇಲ್ಮೈಯಲ್ಲೂ ಒಂದು ಚದರ ಮೀಟರ್ ಜಾಗ ಸುಮಾರು ಒಂದೇ ಬೆಳಕು ಕೊಡುತ್ತದೆ. ಹಾಗಿದ್ದೂ ರೋಹಿಣಿಯ ಒಟ್ಟು ಬೆಳಕು ನಾಲ್ಕು ಸಾವಿರ ಪಟ್ಟಿಗೂ ಜಾಸ್ತಿ. ಅಂದರೆ ಅದಕ್ಕೆ ಅಷ್ಟು ಜಾಸ್ತಿ ಮೇಲ್ಮೈ ಇರಬೇಕು. ಬೇರೆ ದಾರಿಯೇ ಇಲ್ಲ. ಕೆಂಡದ ದೊಡ್ಡ ರಾಶಿ ಮಂದ ಕೆಂಪಾಗಿದ್ದೂ ಇಡೀ ಅಂಗಳಕ್ಕೆ ಕಾವು ಕೊಡುತ್ತದೆ, ವೆಲ್ಡಿಂಗ್ ಅಂಗಡಿಯ ಒಂದು ಕಿಡಿ ಅದಕ್ಕಿಂತ ಎಷ್ಟೋ ಬಿಸಿಯಿದ್ದೂ ಚಳಿ ಬಿಡಿಸುವುದಿಲ್ಲ, ಅಲ್ವಾ?

ರೋಹಿಣಿ ಎಷ್ಟು ದೊಡ್ಡದು ಅಂತ ಲೆಕ್ಕವನ್ನೇ ಮಾಡೋಣ. ಸೂರ್ಯನನ್ನು 1 ಅಂತ ಇಟ್ಟುಕೊಂಡರೆ ಸೂತ್ರ ಇಷ್ಟೇ:

```
R² = L / T⁴
```

`R` ತ್ರಿಜ್ಯ, `L` ಬೆಳಕು, `T` ಬಿಸಿ. ರೋಹಿಣಿಯ ಬಿಸಿ 3,900, ಸೂರ್ಯನದು ಸರಿಯಾಗಿ ಹೇಳಬೇಕಂದರೆ 5,772. ಭಾಗಿಸಿದರೆ 0.676. ಅದರ ನಾಲ್ಕನೇ ಘಾತ 0.208. ಅಂದರೆ ಸೂರ್ಯನಷ್ಟೇ ದಪ್ಪ ಇದ್ದಿದ್ದರೆ ರೋಹಿಣಿಯ ಬೆಳಕು ಸೂರ್ಯನ ಐದನೇ ಒಂದು ಪಾಲು ಆಗಬೇಕಿತ್ತು. ಇರುವುದು 400. 400ನ್ನು 0.208ರಿಂದ ಭಾಗಿಸಿದರೆ ಸುಮಾರು 1,920. ವರ್ಗಮೂಲ 44. ರೋಹಿಣಿ ಸೂರ್ಯನಿಗಿಂತ 44 ಪಟ್ಟು ಅಗಲ. ಅದಕ್ಕೇ ಕೆಂಪು ದೈತ್ಯ ಅನ್ನೋದು. ದೂರದರ್ಶಕಗಳನ್ನು ಜೋಡಿಸಿ ಅದರ ಅಗಲವನ್ನು ನೇರವಾಗಿಯೂ ಅಳೆದಿದ್ದಾರೆ, ಉತ್ತರ ಇದರ ಹತ್ತಿರವೇ ಬರುತ್ತದೆ.

ನಾನು ದೂರ, ಕಾಂತಿಮಾನ ಹಿಡಿದು ಮೊದಲಿಂದ ಲೆಕ್ಕ ಮಾಡಿದೆ. ರೋಹಿಣಿ 27 ಪಟ್ಟು ಬಂತು. ಎಲ್ಲಿ ತಪ್ಪಿದೆ?

ಇದು ಒಳ್ಳೆಯ ಪ್ರಶ್ನೆ, ಜಾಸ್ತಿ ಜನ ಎಡವುವ ಜಾಗವೂ ಇದೇ. ನಿಮ್ಮ ಲೆಕ್ಕ ಬಹುಶಃ ಹೀಗಿದೆ. ರೋಹಿಣಿಯ ದೂರ 65 ಜ್ಯೋತಿರ್ವರ್ಷ, ಅಂದರೆ 20 ಪಾರ್ಸೆಕ್. ಕಾಣುವ ಕಾಂತಿಮಾನ 0.86; ಈ ಅಂಕಿ ಕಡಿಮೆಯಾದಷ್ಟೂ ನಕ್ಷತ್ರ ಜಾಸ್ತಿ ಬೆಳಗುತ್ತದೆ. ಸೂತ್ರದಲ್ಲಿ `m` ಕಾಣುವ ಕಾಂತಿಮಾನ, `M` ನಿಜ ಕಾಂತಿಮಾನ, `d` ಪಾರ್ಸೆಕ್‌ನಲ್ಲಿ ದೂರ.

```
M = m − 5 log10(d/10)
M = 0.86 − 1.51 = −0.65
```

ಸೂರ್ಯನ ನಿಜ ಕಾಂತಿಮಾನ 4.83. ವ್ಯತ್ಯಾಸ ಸುಮಾರು 5.5, ಅಂದರೆ ಬೆಳಕಿನಲ್ಲಿ 156 ಪಟ್ಟು. ಇದನ್ನು ಸೂತ್ರಕ್ಕೆ ಹಾಕಿದರೆ 27 ಬರುತ್ತದೆ.

ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಆದರೆ 156 ಅನ್ನೋದು ಕಣ್ಣಿಗೆ ಕಾಣುವ ಬೆಳಕು ಮಾತ್ರ. ರೋಹಿಣಿಯಷ್ಟು ತಣ್ಣಗಿನ ನಕ್ಷತ್ರ ತನ್ನ ಹೆಚ್ಚಿನ ಪಾಲನ್ನು ಅವಕೆಂಪಿನಲ್ಲಿ ಸುರಿಯುತ್ತದೆ, ಅದು ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನೂ ಸೇರಿಸಿದರೆ 400 ಆಗುತ್ತದೆ. ಸೂತ್ರಕ್ಕೆ ಬೇಕಾದದ್ದು ಒಟ್ಟು ಬೆಳಕು. ನಿಮ್ಮ ಉತ್ತರ ಪುಸ್ತಕಕ್ಕಿಂತ ಕಡಿಮೆ ಬಂದು, ನಕ್ಷತ್ರ ತುಂಬಾ ಕೆಂಪು ಅಥವಾ ತುಂಬಾ ನೀಲಿಯಾಗಿದ್ದರೆ ಮೊದಲು ಇಲ್ಲೇ ಅನುಮಾನ ಪಡಿ. ಸೂರ್ಯನಂಥ ಹಳದಿ ನಕ್ಷತ್ರಗಳಲ್ಲಿ ಈ ತೊಂದರೆ ಹೆಚ್ಚುಕಮ್ಮಿ ಇಲ್ಲ.

ಆರ್ದ್ರಾಕ್ಕೆ "ಸುಮಾರು" ಅಂತ ಯಾಕೆ ಬರೆದಿರಿ?

ಅದರ ದೂರ ಇನ್ನೂ ಗಟ್ಟಿಯಾಗಿಲ್ಲ. 500ರಿಂದ 700 ಜ್ಯೋತಿರ್ವರ್ಷದ ನಡುವೆ ಬೇರೆ ಬೇರೆ ಅಳತೆಗಳಿವೆ. 500 ಬದಲು 700 ಹಿಡಿದರೆ ಬೆಳಕು ಎರಡು ಪಟ್ಟಾಗುತ್ತದೆ. ಆದರೂ ನಮ್ಮ ಹಾಳೆಯಲ್ಲಿ ಚುಕ್ಕಿ ಏರುವುದು ಒಂದು ಮನೆಯ ಮೂರನೇ ಒಂದು ಪಾಲು ಮಾತ್ರ. ಮಹಾದೈತ್ಯಗಳ ಜಾಗದಿಂದ ಅದು ಅಲುಗುವುದಿಲ್ಲ.

ಶ್ವೇತ ಕುಬ್ಜಗಳು ಎಡಗಡೆ ಕೆಳಗೆ ಯಾಕೆ? ಬಿಸಿ ಇದ್ದಮೇಲೆ ಜಾಸ್ತಿ ಬೆಳಕು ಇರಬೇಕಲ್ವಾ?

ಚಿತ್ತಾ ಮತ್ತು ಶ್ವೇತ ಕುಬ್ಜವಾದ ಲುಬ್ಧಕ ಬಿ ಎರಡನ್ನೂ ನೋಡಿ. ಎರಡೂ 25,000 ಕೆಲ್ವಿನ್. ಒಂದೇ ನೆಟ್ಟಗೆರೆಯ ಮೇಲಿವೆ. ಮೇಲಿನದು 20,000, ಕೆಳಗಿನದು ನಲವತ್ತನೇ ಒಂದು ಪಾಲು. ಎಂಟು ಲಕ್ಷ ಪಟ್ಟು ಫರಕು.

ಲುಬ್ಧಕ ಬಿ ಸೂರ್ಯನಷ್ಟು ದಪ್ಪ ಇದ್ದಿದ್ದರೆ ಆ ಬಿಸಿಗೆ ಅದು ಸೂರ್ಯನ 352 ಪಟ್ಟು ಬೆಳಗಬೇಕಿತ್ತು. ಇರುವುದು 0.025. ಭಾಗಿಸಿದರೆ ಸುಮಾರು ಹದಿನಾಲ್ಕು ಸಾವಿರ ಪಟ್ಟು ಕಡಿಮೆ. ವರ್ಗಮೂಲ ತೆಗೆದರೆ 119. ಅಂದರೆ ಅದರ ಅಗಲ ಸೂರ್ಯನ 119ರಲ್ಲಿ ಒಂದು ಪಾಲು. ಭೂಮಿಗಿಂತ ಕೊಂಚ ಚಿಕ್ಕದು! ತೂಕ ಮಾತ್ರ ಸೂರ್ಯನಷ್ಟೇ ಇದೆ. ಲುಬ್ಧಕದ ಸುತ್ತ 50 ವರ್ಷಕ್ಕೊಮ್ಮೆ ಸುತ್ತುವಾಗ ಅದನ್ನು ಎಷ್ಟು ಎಳೆದಾಡುತ್ತದೆ ಅನ್ನೋದರಿಂದ ಆ ತೂಕ ಗೊತ್ತಾಗಿದೆ. ಈ ಎಳೆದಾಟವನ್ನು ನೋಡಿಯೇ ಬೆಸೆಲ್ 1844ರಲ್ಲಿ ಅಲ್ಲೊಂದು ಕಾಣದ ಜೊತೆಗಾರ ಇದೆ ಅಂದಿದ್ದರು. ಅದು ಕಣ್ಣಿಗೆ ಬಿದ್ದದ್ದು 1862ರಲ್ಲಿ, ಕ್ಲಾರ್ಕ್ ಅನ್ನುವವರು ಹೊಸ ದೂರದರ್ಶಕವೊಂದನ್ನು ಪರೀಕ್ಷೆ ಮಾಡುವಾಗ.

ಇಲ್ಲೂ ಮೇಲಿನ ತೊಂದರೆಯೇ ಇನ್ನೊಂದು ರೂಪದಲ್ಲಿದೆ. ಇಷ್ಟು ಬಿಸಿಯಾದದ್ದರ ಬಹುಪಾಲು ಬೆಳಕು ಅತಿನೇರಳೆಗೆ ಹೋಗುತ್ತದೆ. ಕಾಣುವ ಬೆಳಕನ್ನಷ್ಟೇ ಹಿಡಿದರೆ ಲುಬ್ಧಕ ಬಿ ಸೂರ್ಯನ ನಾನೂರನೇ ಒಂದು ಪಾಲು. ಅದನ್ನೇ ಸೂತ್ರಕ್ಕೆ ಹಾಕಿದರೆ ನಕ್ಷತ್ರ ನಿಜಕ್ಕಿಂತ ಮೂರು ಪಟ್ಟು ಚಿಕ್ಕದಾಗಿಬಿಡುತ್ತದೆ.

ನಕ್ಷತ್ರ ಮೊದಲು ಮೇಲೆ ಇದ್ದು, ವಯಸ್ಸಾದಂಗೆ ಪಟ್ಟಿಯಲ್ಲಿ ಕೆಳಗೆ ಜಾರ್ತದಾ?

ಇಲ್ಲ. ಹಾಳೆ ನೋಡಿದರೆ ಹಾಗನ್ನಿಸುವುದು ಸಹಜ. ಮೊದಲು ಪಂಡಿತರೂ ಹಾಗೇ ಅಂದುಕೊಂಡಿದ್ದರು. ಆದರೆ ಪಟ್ಟಿಯಲ್ಲಿನ ಜಾಗ ಹುಟ್ಟಿದಾಗಿನ ತೂಕದಿಂದ ಬಂದದ್ದು. ನಡುಗರ್ಭದ ಹೈಡ್ರೋಜನ್ ಮುಗಿಯುವ ತನಕ ನಕ್ಷತ್ರ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಸೂರ್ಯನಿಗೆ ಅದು ಸುಮಾರು ಸಾವಿರ ಕೋಟಿ ವರ್ಷ, ಅರ್ಧದ ಹತ್ತಿರ ಮುಗಿದಿದೆ. ಚಿತ್ತಾದಂಥದ್ದಕ್ಕೆ ಎರಡು ಮೂರು ಕೋಟಿ ವರ್ಷ ಅಷ್ಟೇ.

ಮುಗಿದ ಮೇಲೆ ಪಟ್ಟಿ ಬಿಟ್ಟು ಹೊರಡುತ್ತದೆ. ನಡುಗರ್ಭ ಕುಗ್ಗುತ್ತದೆ, ಹೊರಮೈ ಹಿಗ್ಗಿ ತಣ್ಣಗಾಗುತ್ತದೆ. ಚುಕ್ಕಿ ಬಲಕ್ಕೆ, ಮೇಲಕ್ಕೆ ಹೋಗುತ್ತದೆ. ರೋಹಿಣಿ ಈಗ ಇರುವ ಹಂತ ಇದು. ಆಮೇಲೆ ಹೊರಪದರ ಕಳಚಿಹೋಗಿ ಬರೀ ನಡುಗರ್ಭ ಉಳಿಯುತ್ತದೆ. ಅದು ಶ್ವೇತ ಕುಬ್ಜ. ಅದರೊಳಗೆ ಏನೂ ಉರಿಯುವುದಿಲ್ಲ. ಸುಮ್ನೆ ಆರುತ್ತಾ ಇರುತ್ತದೆ, ಚುಕ್ಕಿ ನಿಧಾನಕ್ಕೆ ಬಲಕ್ಕೂ ಕೆಳಕ್ಕೂ ಸರಿಯುತ್ತದೆ. ಆರ್ದ್ರಾದಷ್ಟು ತೂಕದವು ಈ ದಾರಿ ಹಿಡಿಯುವುದಿಲ್ಲ, ಸಿಡಿಯುತ್ತವೆ. ಶ್ವೇತ ಕುಬ್ಜ ಸೂರ್ಯನ 1.4 ಪಟ್ಟಿಗಿಂತ ಜಾಸ್ತಿ ತೂಗಲಾರದು ಅನ್ನೋದು ಖಗೋಳವಿಜ್ಞಾನಿ ಚಂದ್ರಶೇಖರ್ ಅವರ ಲೆಕ್ಕ.

ಲುಬ್ಧಕದ ಜೋಡಿಯಲ್ಲಿ ಒಂದು ಮಜಾ ಇದೆ. ಇಬ್ಬರೂ ಒಟ್ಟಿಗೇ ಹುಟ್ಟಿದವರು. ಹಾಗಿದ್ದರೆ ಸೂರ್ಯನ ಎರಡು ಪಟ್ಟು ತೂಗುವ ಲುಬ್ಧಕ ಇನ್ನೂ ಪಟ್ಟಿಯಲ್ಲಿದ್ದು, ಅದರ ಅರ್ಧ ತೂಕದ್ದು ಮೊದಲೇ ಸತ್ತದ್ದು ಹೇಗೆ? ಹುಟ್ಟುವಾಗ ಜೊತೆಗಾರನೇ ಭಾರವಿತ್ತು, ಸುಮಾರು ಐದು ಸೂರ್ಯರಷ್ಟು. ಬೇಗ ಉರಿದು, ದೈತ್ಯವಾಗಿ, ಬಹುಪಾಲು ಮೈ ಕಳಚಿಕೊಂಡು ಇಷ್ಟು ಉಳಿದಿದೆ.

ನನ್ನ ಗೆಳೆಯನ ಗ್ರಾಫಲ್ಲಿ ದೈತ್ಯಗಳೇ ಇಲ್ಲ, ನನ್ನದರಲ್ಲಿ ಕುಬ್ಜಗಳೇ ಇಲ್ಲ. ಯಾರದ್ದು ಸರಿ?

ಇಬ್ಬರದ್ದೂ ಸರಿ, ಪಟ್ಟಿ ಬೇರೆ. ನೀವು "ಆಕಾಶದ ಅತಿ ಪ್ರಕಾಶಮಾನ ನಕ್ಷತ್ರಗಳು" ಪಟ್ಟಿ ಹಿಡಿದಿರಬೇಕು, ಅವನು "ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರಗಳು" ಪಟ್ಟಿ.

ಕಣ್ಣಿಗೆ ಎದ್ದು ಕಾಣುವವುಗಳಲ್ಲಿ ಬಹಳಷ್ಟು ದೂರದಿಂದಲೂ ಕಾಣುವಷ್ಟು ಬೆಳಗುವ ದೈತ್ಯಗಳು. ಹತ್ತಿರದ ಪಟ್ಟಿಯಲ್ಲಿ ಮುಕ್ಕಾಲು ಪಾಲು ಪ್ರಾಕ್ಸಿಮಾದಂಥ ಕೆಂಪು ಕುಬ್ಜಗಳು, ಜೊತೆಗೆ ಕೆಲವು ಶ್ವೇತ ಕುಬ್ಜಗಳು. ನಮಗೆ ಅತಿ ಹತ್ತಿರದ್ದು ಪ್ರಾಕ್ಸಿಮಾ, ಕೇವಲ 4.2 ಜ್ಯೋತಿರ್ವರ್ಷ. ಆದರೂ ಬರಿಗಣ್ಣಿಗೆ ಕಾಣುವುದಿಲ್ಲ. ಅಂಥದ್ದು ಒಂದೇ ಒಂದು ಕೆಂಪು ಕುಬ್ಜವೂ ನಮ್ಮ ಮಾಳಿಗೆಯಿಂದ ಬರಿಗಣ್ಣಿಗೆ ಸಿಗುವುದಿಲ್ಲ. ಹಾಗಾಗಿ ಹಾಳೆಯಲ್ಲಿ ಎಷ್ಟು ಚುಕ್ಕಿ ಎಲ್ಲಿವೆ ಅಂತ ಎಣಿಸಿ "ದೈತ್ಯಗಳೇ ಜಾಸ್ತಿ" ಅಂತ ಬರೆಯಬೇಡಿ. ಎರಡೂ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಎರಡು ಬಣ್ಣದ ಪೆನ್ನಲ್ಲಿ ಹಾಕಿ.

ದೂರದ ತಕರಾರೇ ಬೇಡ ಅಂದರೆ ಒಂದೇ ಗುಂಪಿನ ನಕ್ಷತ್ರ ಹಿಡಿಯಿರಿ. ಕೃತ್ತಿಕೆಯ ಎಲ್ಲವೂ ನಮ್ಮಿಂದ ಸುಮಾರು ಒಂದೇ ದೂರ. ಕಾಣುವ ಕಾಂತಿಮಾನವನ್ನೇ ನೇರ ಹಾಕಬಹುದು. ಹರ್ಟ್‌ಸ್ಪ್ರಂಗ್ ಕೂಡ 1911ರಲ್ಲಿ ಕೃತ್ತಿಕೆಯನ್ನು ಹೀಗೇ ಬಳಸಿಕೊಂಡರು.

ದೂರ ಗೊತ್ತಿಲ್ಲದೇ ಇದ್ದರೆ ಅದು ದೈತ್ಯವೋ ಅಲ್ಲವೋ ಹೇಳೋಕೆ ಆಗೋದೇ ಇಲ್ವಾ?

ಆಗುತ್ತದೆ. ರೋಹಿತದಲ್ಲಿನ ಕಪ್ಪು ಗೆರೆಗಳನ್ನು ನೋಡಬೇಕು. ದೈತ್ಯದ ಹೊರಮೈ ತುಂಬಾ ತೆಳು, ಒತ್ತಡ ಕಡಿಮೆ, ಹಾಗಾಗಿ ಗೆರೆಗಳು ಸಪೂರ. ಪ್ರಧಾನ ಶ್ರೇಣಿಯದ್ದರಲ್ಲಿ ಅವೇ ಗೆರೆ ಕೊಂಚ ಅಗಲ. ಶ್ವೇತ ಕುಬ್ಜದಲ್ಲಿ ಒತ್ತಡ ವಿಪರೀತ, ಗೆರೆಗಳು ತುಂಬಾ ಅಗಲ. ಕೆಲವು ನಕ್ಷತ್ರಗಳ ಗೆರೆ ಮಾತ್ರ ಬಹಳ ಸಪೂರ ಇವೆ ಅಂತ ಹಾರ್ವರ್ಡಿನ ಅಂಟೋನಿಯಾ ಮೌರಿ 1897ರಲ್ಲೇ ಗುರುತು ಹಾಕಿದ್ದರು. ಹರ್ಟ್‌ಸ್ಪ್ರಂಗ್ ಆ ಗುರುತನ್ನು ಹಿಡಿದೇ ದೈತ್ಯಗಳನ್ನು ಬೇರೆ ಮಾಡಿದರು. ಬಿಸಿ ಗೊತ್ತಾಗುವುದೂ ಇದೇ ಗೆರೆಗಳಿಂದ. ಯಾವ ಬಿಸಿಗೆ ಯಾವ ಗೆರೆ ಗಾಢವಾಗುತ್ತದೆ ಅನ್ನೋದಕ್ಕೆ 1920ರಲ್ಲಿ ಸೂತ್ರ ಕೊಟ್ಟವರು ನಮ್ಮ ಮೇಘನಾದ ಸಹಾ.

ನಮ್ಮೂರಿಂದ ಒಂದಾದ್ರೂ ಶ್ವೇತ ಕುಬ್ಜ ನೋಡಬಹುದಾ?

ಬರಿಗಣ್ಣಿಗೆ ಆಗಲ್ಲ. ಲುಬ್ಧಕ ಬಿ ಅಂತೂ ಲುಬ್ಧಕದ ಝಗಮಗದಲ್ಲಿ ಮುಳುಗಿಹೋಗುತ್ತದೆ, ಅದರ ಗೋಜಿಗೆ ಹೋಗಬೇಡಿ. ನಾಲ್ಕಿಂಚಿನ ದೂರದರ್ಶಕ ಸಿಕ್ಕರೆ 40 ಎರಿಡಾನಿ ಹುಡುಕಿ. ಜನವರಿ ಸಂಜೆ, ಊರ ದೀಪಗಳಿಂದ ಸ್ವಲ್ಪ ಹೊರಗೆ ಹೋಗಿ. ಒರಾಯನ್ ನಕ್ಷತ್ರಪುಂಜದ ಕಾಲಿನ ಕಡೆಯ ನೀಲಿ ನಕ್ಷತ್ರ ರೈಜೆಲ್ ಇದೆಯಲ್ಲ, ಅಲ್ಲಿಂದ ಪಶ್ಚಿಮಕ್ಕೆ ಸರಿದರೆ ಸಿಗುವ ಮಂದ ನಕ್ಷತ್ರ ಅದು. ಬರಿಗಣ್ಣಿಗೆ ಒಂದೇ ಚುಕ್ಕಿ, ಕಾಂತಿಮಾನ 4.4. ದೂರದರ್ಶಕದಲ್ಲಿ ಅದರ ಪಕ್ಕದಲ್ಲಿ, ಸಾಕಷ್ಟು ಅಂತರದಲ್ಲಿ, 9.5 ಕಾಂತಿಮಾನದ ಇನ್ನೊಂದು ಕಾಣುತ್ತದೆ. ಅದೇ ಶ್ವೇತ ಕುಬ್ಜ.

ಎರಡೂ ಒಂದೇ ದೂರ, ಸುಮಾರು 16 ಜ್ಯೋತಿರ್ವರ್ಷ. ದೂರದ ಲೆಕ್ಕವೇ ಬೇಕಿಲ್ಲ. ಕಾಂತಿಮಾನದಲ್ಲಿ ಐದರ ಫರಕು ಅಂದರೆ ಬೆಳಕಿನಲ್ಲಿ ನೂರು ಪಟ್ಟು. ದೊಡ್ಡದು ಸೂರ್ಯನಿಗಿಂತ ತಣ್ಣಗಿನ ಕಿತ್ತಳೆ ನಕ್ಷತ್ರ, ಅದಕ್ಕಿಂತ ನೂರು ಪಟ್ಟು ಮಂದ ಇರುವುದು ಬಿಳಿ! 1910ರಲ್ಲಿ ರಸೆಲ್ ಇದರ ರೋಹಿತ ಯಾವ ವರ್ಗ ಅಂತ ಹಾರ್ವರ್ಡಿನ ಪಿಕರಿಂಗ್ ಅವರನ್ನು ಕೇಳಿದರು. ಅಲ್ಲಿನ ವಿಲಿಯಮಿನಾ ಫ್ಲೆಮಿಂಗ್ ಹುಡುಕಿ ತೆಗೆದ ಉತ್ತರ: ಲುಬ್ಧಕ ಇರುವ ಬಿಳಿ ವರ್ಗವೇ. ಇಷ್ಟು ಮಂದ ಇರುವುದು ಆ ವರ್ಗಕ್ಕೆ ಸೇರಬಾರದಿತ್ತು. ಹಾಳೆಯ ಎಡ ಕೆಳಭಾಗಕ್ಕೆ ಮೊದಲು ಬಿದ್ದ ಚುಕ್ಕಿ ಅದು.

ಶ್ವೇತ ಕುಬ್ಜಕ್ಕೆ ಅಂಟಿಕೊಂಡಂತೆ 11ನೇ ಕಾಂತಿಮಾನದ ಒಂದು ಕೆಂಪು ಕುಬ್ಜವೂ ಇದೆ. ಅದಕ್ಕೆ ಇನ್ನೂ ದೊಡ್ಡ ದೂರದರ್ಶಕ, ಗಾಳಿ ಅಲುಗದ ರಾತ್ರಿ ಎರಡೂ ಬೇಕು.